ಕೊಕ್ಕು ನೋಡುವ ರಾಜಾಸಾಬ

ಹದಿನೇಳು ವರ್ಷ ಈ ತೋಟಕ್ಕೆ ನೀರು ಹಾಕಿದವನು ನಾನು. ಆದರೆ ಶಹಾಪುರದಲ್ಲಿ ಯಾರನ್ನೇ ನಿಲ್ಲಿಸಿ, ನರ್ಸರಿಯಲ್ಲಿ ಹಕ್ಕಿ ಬಲ್ಲವರು ಯಾರು ಎಂದು ಕೇಳಿ, ರಾಜಾಸಾಬ ಎನ್ನುತ್ತಾರೆ. ಅವನು ಇದ್ದದ್ದು ಮೂರೇ ವರ್ಷ. ಸತ್ತು ಒಂದು ಚಳಿಗಾಲ ಕಳೆಯಿತು. ಈಗಲೂ ಅವನ ಹೆಸರೇ ಮೊದಲು ಬರುತ್ತದೆ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬರೆಯಲು ಕೂತಿದ್ದು ಅವನ ಬಗ್ಗೆ. ಸಿಟ್ಟು ನನ್ನದು. ಎರಡನ್ನೂ ಬೇರೆ ಮಾಡಲು ನನಗೆ ಬರುವುದಿಲ್ಲ, ನಾನು ಓದಿದ್ದು ನಾಲ್ಕನೇ ಇಯತ್ತೆ.

ನರ್ಸರಿ ಊರ ಹೊರಗೆ ಗುಡ್ಡದ ಬುಡದಲ್ಲಿದೆ. ಮುಂದೆ ಸಸಿಗಳ ಸಾಲು, ಹಿಂದೆ ಹನ್ನೊಂದು ಮಾವಿನ ಮರ. ಕಸಿ ಕಟ್ಟಲು ಕಡ್ಡಿ ತೆಗೆಯುವುದು ಆ ಹನ್ನೊಂದು ಮರದಿಂದಲೇ. ಅದಕ್ಕೆ ಅವುಗಳನ್ನು ತಾಯಿಮರ ಎನ್ನುತ್ತೇವೆ. ಸುತ್ತ ಬರೀ ಹತ್ತಿ, ತೊಗರಿ, ಕಲ್ಲು. ಬೇಸಿಗೆಯಲ್ಲಿ ಹಸಿರು ಎನ್ನುವುದು ನಮ್ಮಲ್ಲಿ ಮಾತ್ರ ಇರುವುದರಿಂದ ಹಕ್ಕಿಗಳು ತಾವಾಗಿಯೇ ಬರುತ್ತವೆ. ನೋಡಲು ಬಂದವರಿಗೆ ನಾನು ತೋರಿಸುತ್ತಿದ್ದೆ. ಕರ್‍ರಗೆ ಹೊಳೆಯುವುದು ಸೂರಕ್ಕಿ, ಕೆಂಪು ಕಣ್ಣಿನದು ಕೋಗಿಲೆ, ಹೀಗೆ. ಬಣ್ಣ ನೋಡಿ ಹೇಳುತ್ತಿದ್ದೆ. ಜನ ನನ್ನನ್ನು ಹಕ್ಕಿ ಅಯ್ಯ ಎನ್ನುತ್ತಿದ್ದರು. ಹೆಂಡತಿ ಚಂದಮ್ಮ ಕೂಡ ನೆಂಟರೆದುರು ಹಾಗೆಯೇ ಅನ್ನುತ್ತಿದ್ದಳು.

ಆಗ ರಾಜಾಸಾಬ ಬಂದ. ಸುರಪುರದ ಪಕ್ಕದ ರಂಗಂಪೇಟೆಯವನು. ನಲವತ್ತು ವರ್ಷ ಅಲ್ಲಿ ಗಡಿಯಾರ ರಿಪೇರಿ ಮಾಡಿದ್ದ. ಎಲ್ಲರ ಕೈಗೂ ಫೋನು ಬಂದ ಮೇಲೆ ಗಡಿಯಾರ ತರುವವರು ನಿಂತು ಹೋದರು. ಅಂಗಡಿ ಮುಚ್ಚಿ, ಹೆಂಡತಿ ಜೈತುನಬಿಯ ಅಣ್ಣನ ಮನೆ ಶಹಾಪುರದಲ್ಲಿದೆ ಎಂದು ಇಲ್ಲಿಗೆ ಬಂದು, ನಮ್ಮಲ್ಲಿ ಕಸಿ ಕಟ್ಟುವ ಕೆಲಸಕ್ಕೆ ಸೇರಿದ. ಅರವತ್ತರ ಮೇಲಿನ ಮುದುಕ. ಕಸಿ ಏನು ಬಂದೀತು ಎಂದುಕೊಂಡೆ. ಮೊದಲ ವಾರವೇ ನೂರು ಕಟ್ಟಿದರೆ ತೊಂಬತ್ತು ಚಿಗುರಿದವು. ನನ್ನವು ಅರವತ್ತು ದಾಟಿದ್ದಿಲ್ಲ. ಆ ಕೈಗೆ ಕೂದಲಿಗಿಂತ ಸಣ್ಣ ಸ್ಪ್ರಿಂಗು ಹಿಡಿದು ಅಭ್ಯಾಸ. ಕಿಸೆಯಲ್ಲಿ ಒಂದು ಚಿಮಟ, ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡು ಸಣ್ಣದನ್ನು ದೊಡ್ಡದಾಗಿ ನೋಡುವ ಕರಿಯ ಗಿಲಾಸು ಸದಾ ಇರುತ್ತಿದ್ದವು.

ನನ್ನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಕಸಿಯಿಂದಲ್ಲ. ಬದನಿಕೆಯಿಂದ.

ಬದನಿಕೆ ಎಂದರೆ ಮರದ ಮೇಲೆ ಮರವಾಗಿ ಬೆಳೆಯುವ ಪೀಡೆ. ಮಾವಿನ ಕೊಂಬೆಯೊಳಗೆ ಬೇರು ಇಳಿಸಿ ಅದರ ರಸ ಹೀರುತ್ತದೆ. ನಾಲ್ಕು ವರ್ಷದಿಂದ ನಮ್ಮ ತಾಯಿಮರಗಳಲ್ಲಿ ಅದು ಹೆಚ್ಚುತ್ತಲೇ ಇತ್ತು. ನಾನು ವರ್ಷಕ್ಕೊಮ್ಮೆ ಹತ್ತಿ ಕಡಿಯುತ್ತಿದ್ದೆ, ಮರು ವರ್ಷ ಹೊಸ ಕೊಂಬೆಗಳಲ್ಲಿ ಮತ್ತೆ ಹುಟ್ಟುತ್ತಿತ್ತು. ಒಂದು ಮುಂಜಾನೆ ಮರದ ಕೆಳಗೆ ಚಹಾ ಕುಡಿಯುತ್ತಿದ್ದೆವು. ಮೇಲೆ ಬದನಿಕೆಯ ಪೊದೆಯಲ್ಲಿ ಹೆಬ್ಬೆರಳಿನಷ್ಟು ಹಕ್ಕಿಗಳು ಸರಭರ ಓಡಾಡುತ್ತಿದ್ದವು. ಸೂರ್ಯ ಅವುಗಳ ಹಿಂದಿದ್ದ. ನರ್ಸರಿ ನೋಡಿಕೊಳ್ಳುವ ಫಾರೆಸ್ಟರ್ ವಿಶ್ವಾರಾಧ್ಯ ಸಾಹೇಬರು ಅವು ಯಾವುವು ಎಂದು ಕೇಳಿದರು. ನಾನು ತಲೆ ಎತ್ತದೆಯೇ, ಸೂರಕ್ಕಿಯ ಹೆಣ್ಣುಗಳು, ಹೂವಿನ ಜೇನಿಗೆ ಬಂದಿವೆ ಎಂದೆ. ಗಂಡು ಕಪ್ಪಗೆ ಹೊಳೆಯುತ್ತದೆ, ಹೆಣ್ಣು ಮಬ್ಬು. ಇದು ನನಗೆ ಗೊತ್ತಿದ್ದ ಲೆಕ್ಕ.

ರಾಜಾಸಾಬ ಲೋಟ ಕೆಳಗಿಟ್ಟು ಬಹಳ ಹೊತ್ತು ನೋಡಿದ.

"ಎರಡು ಜಾತಿ ಅದಾವ್ರಿ ಅಯ್ಯನೋರ. ಬಣ್ಣ ಬಿಡ್ರಿ, ಬಿಸಲಿಗೆ ಎಲ್ಲಾ ಕರಿಯೇ ಕಾಣ್ತಾವ. ಮೂತಿ ನೋಡ್ರಿ."

ಅವನು ಹೇಳಿದ ಮೇಲೆ ನನಗೂ ಕಂಡಿತು. ಕಾಣದೇ ಇದ್ದಿದ್ದರೆ ಚೆನ್ನಾಗಿತ್ತು. ಹೂವಿಗೆ ಬಾಯಿ ಹಾಕುತ್ತಿದ್ದ ಹಕ್ಕಿಯ ಕೊಕ್ಕು ಉದ್ದ, ಸೂಜಿಯಂತೆ ತೆಳ್ಳಗೆ, ಬುಡದಿಂದ ತುದಿಯವರೆಗೂ ಕೆಳಕ್ಕೆ ಬಾಗಿದ್ದು. ಅದು ಕೂರುವಾಗ ಮೈ ಮೇಲೆತ್ತಿ ನಿಗುರಿ ಕೂರುತ್ತಿತ್ತು, ಒಂದು ಗಳಿಗೆ ಸುಮ್ಮನಿರದೆ ರೆಕ್ಕೆ ಅದುರಿಸುತ್ತಿತ್ತು. ಹಣ್ಣಿನ ಗೊಂಚಲಲ್ಲಿದ್ದದ್ದು ಬೇರೆಯೇ. ಮೈ ಅದಕ್ಕಿಂತ ಚಿಕ್ಕದು, ದುಂಡಗೆ ಮುದುಡಿದ್ದು, ಬಾಲ ಇದೆಯೋ ಇಲ್ಲವೋ ಎನ್ನುವಷ್ಟು ಮೋಟು. ಕೊಕ್ಕೂ ಮೋಟು, ಬಾಗು ಎನ್ನುವುದು ಹುಡುಕಿದರೆ ಕಂಡೀತು. ಅದು ಬದನಿಕೆಯ ಹಣ್ಣನ್ನು ನುಂಗಿತು. ಆಮೇಲೆ ಪಕ್ಕದ ಬರಿ ಕೊಂಬೆಗೆ ಹಾರಿ, ಕೆಳಗೆ ಬಗ್ಗಿ, ಹಿಂಭಾಗವನ್ನು ಕೊಂಬೆಗೆ ತಿಕ್ಕಿತು. ಅಂಟಿನ ದಾರದಂಥದ್ದು ಜೋತುಬಿತ್ತು. ಅದರ ತುದಿಗೆ ಬೀಜ.

ಬದನಿಕೆ ಹಕ್ಕಿ. ಸೂರಕ್ಕಿ ಬರುವುದು ಹೂವಿಗೆ, ಇದು ಮುಖ್ಯವಾಗಿ ಹಣ್ಣಿಗೆ. ಒಂದೇ ಪೊದೆಗೆ ಎರಡೂ ಬರುವುದರಿಂದ ನಾನು ಎರಡನ್ನೂ ಒಂದೇ ಎಂದುಕೊಂಡಿದ್ದೆ. ನನ್ನ ಮರಗಳಿಗೆ ಪೀಡೆ ಬಿತ್ತುತ್ತಿದ್ದ ಹಕ್ಕಿಗೆ ನಾಲ್ಕು ವರ್ಷ ಸೂರಕ್ಕಿ ಎಂದು ಹೆಸರಿಟ್ಟು ಬಂದವರಿಗೆ ತೋರಿಸಿದ್ದೆ.

ರಾಜಾಸಾಬ ಆ ಹಕ್ಕಿಗಳನ್ನು ಓಡಿಸಲಿಲ್ಲ. ಹಣ್ಣಿನ ಕಾಲದಲ್ಲಿ ದಿನ ಬಿಟ್ಟು ದಿನ ಮರ ಹತ್ತಿ, ಅವು ಎಲ್ಲಿ ಕೂತು ತಿಕ್ಕುತ್ತವೆಯೋ ಆ ಕೊಂಬೆಗಳನ್ನು ಒದ್ದೆ ಗೋಣಿಯಿಂದ ಒರೆಸಿದ, ಬೀಜ ಬೇರು ಬಿಡುವ ಮೊದಲೇ. ಮುಂದಿನ ವರ್ಷ ಹೊಸ ಬದನಿಕೆ ಎಣಿಸಿ ಮೂರು. ಸಾಹೇಬರು ಎಲ್ಲರೆದುರು ಅವನ ಬೆನ್ನು ತಟ್ಟಿದರು. ಅವತ್ತು ನಾನು ಊಟ ಮಾಡಲಿಲ್ಲ. ಚಂದಮ್ಮ ಕಾರಣ ಕೇಳಿದಳು, ಹೇಳಿದೆ. ಮುದುಕನ ಕಣ್ಣು ಚಲೋ ಅದಾವ ಬಿಡು ಎಂದಳು. ರೊಟ್ಟಿಯ ಬುಟ್ಟಿ ಗೋಡೆಗೆ ಹೋಗಿ ಬಿತ್ತು.

ನನ್ನ ಸಿಟ್ಟಿನ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು. ಅದಕ್ಕೂ ಒಂದು ವರ್ಷ ಮೊದಲು ಸಸಿ ಕೀಳುತ್ತಿದ್ದ ಒಬ್ಬ ಗಿರಾಕಿಯ ಬೆನ್ನಿಗೆ ನಾನು ನೀರಿನ ಝಾರಿ ಎತ್ತಿ ಹಾಕಿದ್ದೆ. ಸಾಹೇಬರು ನನ್ನಿಂದ ಕಾಗದ ಬರೆಸಿಕೊಂಡಿದ್ದರು. ಇನ್ನೊಂದು ದೂರು ಬಂದರೆ ತೋಟದ ಗೇಟು ನನಗೆ ಮುಚ್ಚಿದಂತೆ. ಇದು ರಾಜಾಸಾಬನಿಗೂ ಗೊತ್ತಿತ್ತು.

ಮಾರ್ಚ್ ತಿಂಗಳಲ್ಲಿ ಯಾದಗಿರಿಯಿಂದ ಮಲ್ಲೇಶ್ವರಿ ಅಕ್ಕೋರು ಬಂದರು. ಹೈಸ್ಕೂಲಿನಲ್ಲಿ ಪಾಠ ಹೇಳುವವರು, ಕೊರಳಲ್ಲಿ ಸದಾ ದುರ್ಬೀನು. ಪ್ರತಿ ಭಾನುವಾರ ಶಾಲೆಯ ಹುಡುಗಿಯರನ್ನು ಕರೆತಂದು ಹಕ್ಕಿ ತೋರಿಸಬೇಕು, ಗೇಟಿನಲ್ಲಿ ಹಕ್ಕಿಗಳ ಹೆಸರಿನ ಬೋರ್ಡು ಬರೆಸಬೇಕು ಎಂಬುದು ಅವರ ಆಸೆ. ತೋರಿಸಲು ತೋಟದ ಒಬ್ಬನೇ ಮನುಷ್ಯ ಬೇಕು. ಅವನ ಕೈಗೆ ಒಂದು ದುರ್ಬೀನು ಕೊಡುತ್ತಾರೆ. ಸಾಹೇಬರು ಒಪ್ಪಿದರು. ನಾವಿಬ್ಬರೂ ಒಂದು ಮುಂಜಾನೆ ಬೇರೆ ಬೇರೆಯಾಗಿ ಸಣ್ಣ ಹಕ್ಕಿಗಳನ್ನು ಎಣಿಸಿ ಹೇಳಬೇಕು, ಆಮೇಲೆ ನೋಡೋಣ ಎಂದರು.

ಆ ದುರ್ಬೀನು ನನಗೆ ಬೇಕಿತ್ತು. ಹೆಂಡತಿ ಬೇಕು, ಮನೆ ಬೇಕು ಎನ್ನುವ ಹಾಗೆ ಬೇಕಿತ್ತು.

ನಾನು ಹದಿನಾಲ್ಕು ಸೂರಕ್ಕಿ ಎಂದು ಬರೆಸಿದೆ. ರಾಜಾಸಾಬ ಅದೇ ಹೊತ್ತಿನಲ್ಲಿ ಏಳು ಸೂರಕ್ಕಿ, ಐದು ಬದನಿಕೆ ಹಕ್ಕಿ, ಎರಡು ಸಿಂಪಿಗ ಎಂದು ಬರೆಸಿದ. ಬದನಿಕೆ ಹಕ್ಕಿಯ ವಿಷಯದಲ್ಲಿ ನಾನು ಬಾಯಿ ಮುಚ್ಚಿಕೊಳ್ಳಲೇಬೇಕಿತ್ತು. ಅವನು ತೋರಿಸಿದ ದಿನವಷ್ಟೇ ನಾನು ಕೊಕ್ಕು ನೋಡಿದ್ದು, ಎಣಿಸುವಾಗ ಮತ್ತೆ ಬಣ್ಣವನ್ನೇ ನೋಡಿದ್ದೆ. ಆದರೆ ಸಿಂಪಿಗ ಎಂಬ ಮಾತಿಗೆ ನಾನು ಕಾಲು ಊರಿದೆ. ಎಲೆ ಹೊಲಿದು ಗೂಡು ಕಟ್ಟುವ ಹಕ್ಕಿ ಅದು, ದೊಡ್ಡ ನೀರಾವರಿ ತೋಟಗಳಲ್ಲಿ ಇರುತ್ತದೆ, ನಮ್ಮಲ್ಲಿಲ್ಲ, ಅತ್ತಿ ಸಸಿಗಳ ಸಾಲಿನಲ್ಲಿ ಓಡಾಡುವ ಹಸಿರು ಹಕ್ಕಿ ಸೂರಕ್ಕಿಯ ಹೆಣ್ಣೇ ಎಂದು ಅಕ್ಕೋರ ಮುಂದೆ ಗಟ್ಟಿಯಾಗಿ ಹೇಳಿದೆ.

ರಾಜಾಸಾಬ ನಕ್ಕ. ಹೀಯಾಳಿಸುವ ನಗುವಲ್ಲ, ಅದು ನನಗೆ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

"ಅದು ಬಾಲ ಎತ್ತಿ ಕುಂದರ್ತದಲ್ಲ ಅಯ್ಯನೋರ, ಗಡಿಯಾರದಾಗ ಹನ್ನೆರಡಕ್ಕ ನಿಂತ ಮುಳ್ಳಿನಂಗ. ಸೂರಕ್ಕಿ ಬಾಲ ಎಂದಾರ ಹಂಗ ನಿಂತದೇನು? ಮೂತಿನೂ ನೆಟ್ಟಗ ಅದ. ಸೂರಕ್ಕಿದು ಕಮಾನಿ."

ಕಮಾನಿ ಎಂದರೆ ಗಡಿಯಾರದೊಳಗಿನ ಬಾಗಿದ ಸ್ಪ್ರಿಂಗು. ಅವನಿಗೆ ಲೋಕದಲ್ಲಿ ಇರುವುದೆಲ್ಲ ಒಂದು ಮುಳ್ಳು, ಇಲ್ಲವೇ ಒಂದು ಕಮಾನಿ. ಅಕ್ಕೋರು ಬರೆದುಕೊಂಡರು. ಅವನ ಮಾತನ್ನು ಬರೆದುಕೊಂಡರು, ನನ್ನದನ್ನಲ್ಲ. ಗೂಡು ಇದೆಯೇ ಎಂದು ಕೇಳಿದರು. ಕಟ್ಟುತ್ತಿರುವ ಹಾಗಿದೆ, ಹತ್ತಿರ ಹೋದರೆ ಬಿಟ್ಟು ಹೋದೀತೆಂದು ತಾನು ಹುಡುಕಿಲ್ಲ, ಭಾನುವಾರ ದೂರದಿಂದ ನೋಡೋಣ ಎಂದ. ಭಾನುವಾರ ಹುಡುಗಿಯರ ಸಮೇತ ಬರುತ್ತೇನೆ, ಸಾಹೇಬರೂ ಇರಲಿ, ಅವತ್ತೇ ದುರ್ಬೀನು ಯಾರ ಕೈಗೆ ಎಂದು ತೀರ್ಮಾನ ಮಾಡೋಣ ಎಂದು ಅಕ್ಕೋರು ಹೋದರು.

ಶನಿವಾರ ಮಧ್ಯಾಹ್ನ ಸಾಲುಗಳನ್ನು ಚೊಕ್ಕ ಮಾಡುವ ಪಾಳಿ ನನ್ನದು. ದೊಡ್ಡವರು ಬರುವ ಹಿಂದಿನ ದಿನ ನರ್ಸರಿಯಲ್ಲಿ ಮಾಡುವ ಕೆಲಸ ಇದು. ಒಣಗಿದ್ದನ್ನು ತೆಗೆಯಬೇಕು, ಮಡಿಸಿದ ಎಲೆ ಕಂಡರೆ ಹರಿದು ಅಲ್ಲೇ ಹೆಬ್ಬೆರಳಿನಿಂದ ಹಿಚುಕಬೇಕು. ಎಲೆ ಮಡಚಿಕೊಂಡಿದೆ ಎಂದರೆ ಒಳಗೆ ಹಸಿರು ಹುಳ ಇದೆ ಎಂದೇ ಅರ್ಥ, ಬಿಟ್ಟರೆ ವಾರದಲ್ಲಿ ಸಾಲು ತಿನ್ನುತ್ತದೆ. ಹದಿನೇಳು ವರ್ಷದಲ್ಲಿ ಎಷ್ಟು ಸಾವಿರ ಎಲೆ ಹಿಚುಕಿದ್ದೇನೋ, ಕಣ್ಣು ಬೇಕಾಗಿಲ್ಲ, ಕೈಯೇ ಮಾಡುತ್ತದೆ.

ಅತ್ತಿಯ ಸಾಲಿನ ನಡುವೆ, ಮೊಣಕಾಲಿನ ಎತ್ತರದಲ್ಲಿ, ಅಂಥದ್ದೊಂದು ಎಲೆ ಇತ್ತು. ದೊಡ್ಡ ಎಲೆ, ಕೊಳವೆಯಂತೆ ಮಡಚಿದ್ದು. ಹರಿದೆ. ಹಿಚುಕಿದೆ. ಹೆಬ್ಬೆರಳು ಒದ್ದೆಯಾಯಿತು. ಹುಳದ ಒದ್ದೆ ಅಂಟುತ್ತದೆ, ಇದು ಜಾರಿತು.

ಬಿಡಿಸಿ ನೋಡಿದೆ. ಅಂಚಿಗೆ ಸಾಲಾಗಿ ತೂತು, ಪ್ರತಿ ತೂತಿನಿಂದಲೂ ಹತ್ತಿಯ ಎಳೆ ಹೊರಗೆ ಬಂದು ಬಿಳಿ ಗಂಟಿನಂತೆ ನಿಂತಿತ್ತು. ನಮ್ಮ ಪಕ್ಕದ ಹೊಲದ ಹತ್ತಿಯೇ. ಒಳಗೆ ಮೆತ್ತನೆಯ ಹಾಸು. ಮೂರು ಮೊಟ್ಟೆ ಇದ್ದವು, ಬಿಳಿಯ ಮೇಲೆ ಕೆಂಪು ಚುಕ್ಕೆ. ಒಂದು ಮಾತ್ರ ಅರ್ಧ ಉಳಿದಿತ್ತು.

ಗೊತ್ತಿಲ್ಲದೆ ಮಾಡಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಹರಿಯುವ ಮೊದಲು ಆ ಬಿಳಿ ಗಂಟುಗಳು ನನ್ನ ಕಣ್ಣಿಗೆ ಬಿದ್ದಿದ್ದವೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಬಿದ್ದಿದ್ದರೂ ಕೈ ನಿಲ್ಲುತ್ತಿತ್ತೋ ಇಲ್ಲವೋ ಅದೂ ಗೊತ್ತಿಲ್ಲ.

ಹಕ್ಕಿ ಸಾಲಿನ ತುದಿಯಲ್ಲಿ ಬಂದು ಕೂತಿತು. ಮೈಗಿಂತ ದೊಡ್ಡ ದನಿ ಅದಕ್ಕೆ, ಒಂದೇ ಸಮನೆ ಟುವಿ ಟುವಿ ಎಂದು ಕೂಗಿತು. ನೆತ್ತಿ ತುಕ್ಕಿನ ಕೆಂಪು. ಕೊಕ್ಕು ನೆಟ್ಟಗೆ. ಬಾಲ ಹನ್ನೆರಡು ಗಂಟೆಯ ಮುಳ್ಳಿನಂತೆ ಮೇಲೆ. ರಾಜಾಸಾಬ ಹೇಳಿದ್ದು ಒಂದೂ ತಪ್ಪಿರಲಿಲ್ಲ. ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿದ್ದು ಅದೇ ಮೊದಲು.

ತಿರುಗಿದರೆ ಅವನು ಹಿಂದೆ ನಿಂತಿದ್ದ. ನನ್ನ ಮುಖ ನೋಡಲಿಲ್ಲ, ಹೆಬ್ಬೆರಳು ನೋಡಿದ. ಎಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಗಿಲಾಸು ಕಣ್ಣಿಗೆ ಸಿಕ್ಕಿಸಿ, ಚಿಮಟದಿಂದ ಒಂದು ಹೊಲಿಗೆ ಎಳೆದು ನೋಡಿದ. ಸಣ್ಣ ಕೆಲಸ ಬಲ್ಲವನು ಇನ್ನೊಬ್ಬನ ಸಣ್ಣ ಕೆಲಸ ನೋಡುವ ಹಾಗೆ ನೋಡಿದ. ನಂತರ ಎಲೆಯನ್ನು ಮಣ್ಣಿನಲ್ಲಿ ಇಟ್ಟು ಹೋದ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಅಕ್ಕೋರು ಹದಿನೈದು ಹುಡುಗಿಯರೊಂದಿಗೆ ಬಂದರು. ರಾಜಾಸಾಬ ಮಾವಿನ ಮರದ ಕೆಳಗೆ ಅವರನ್ನು ಬೇಕೆಂದೇ ಬಿಸಿಲಿಗೆ ಎದುರಾಗಿ ನಿಲ್ಲಿಸಿದ. ಬಣ್ಣ ಕಾಣಬಾರದು, ಮೂತಿ ಮತ್ತು ಕೂರುವ ರೀತಿ ಮಾತ್ರ ಕಾಣಬೇಕು ಎಂದ. ಹುಡುಗಿಯರಿಗೆ ತನ್ನ ಬೆರಳನ್ನೇ ಬಾಗಿಸಿ ಸೂರಕ್ಕಿ, ಮಡಚಿ ಬದನಿಕೆ ಹಕ್ಕಿ ಎಂದು ತೋರಿಸಿದ. ಒಂದೇ ಗಳಿಗೆಯಲ್ಲಿ ಅವರು ತಾವೇ ಬೇರೆ ಮಾಡಿ ಹೇಳತೊಡಗಿದರು. ನಾನು ನಾಲ್ಕು ವರ್ಷದಲ್ಲಿ ಕಲಿಯದ್ದು. ಸಾಹೇಬರು ತಲೆಯಾಡಿಸುತ್ತಿದ್ದರು. ದುರ್ಬೀನು ಅವನ ಕೊರಳಿಗೆ ಬಿದ್ದ ಹಾಗೆಯೇ ಇತ್ತು.

ಆಮೇಲೆ ಅತ್ತಿಯ ಸಾಲಿಗೆ ಬಂದೆವು. ಸಿಂಪಿಗದ ಜೋಡಿ ಅಲ್ಲೇ ಸುಳಿಯುತ್ತಿತ್ತು. ಅಕ್ಕೋರು ಗೂಡು ಎಲ್ಲಿ ಎಂದು ಕೇಳಿದರು. ಸಾಹೇಬರು ಮಣ್ಣಿನಲ್ಲಿದ್ದ ಎಲೆಯನ್ನು ಎತ್ತಿದರು. ಹತ್ತಿಗೆ ಮೊಟ್ಟೆಯ ಲೋಳೆ ಒಣಗಿ ಹತ್ತಿತ್ತು. ಇದು ಯಾರ ಕೆಲಸ ಎಂದು ಕೇಳಿ, ನೇರ ನನ್ನ ಕಡೆ ತಿರುಗಿದರು. ಶನಿವಾರದ ಪಾಳಿ ಯಾರದು ಎಂದು ಅವರಿಗೆ ಗೊತ್ತು. ನಾನು ಸಿಂಪಿಗ ಇಲ್ಲ ಎಂದು ಕೂಗಾಡಿದ್ದೂ ಗೊತ್ತು. ನಾನು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡೆ.

"ನಾನೇ ಹರದೆರಿ ಸಾಹೇಬ್ರ," ಎಂದ ರಾಜಾಸಾಬ. "ಹುಳ ಅದ ಅಂತ ಹಿಚಿಕಿಬಿಟ್ಟೆ. ಗಿಲಾಸ ಹಾಕ್ಕೊಂಡಿದ್ದಿಲ್ಲ."

ಹುಡುಗಿಯರಲ್ಲಿ ಒಬ್ಬಳು ಅವನ ಪಕ್ಕದಿಂದ ಎರಡು ಹೆಜ್ಜೆ ಸರಿದು ನಿಂತಳು. ಅದನ್ನು ಅವನೂ ನೋಡಿದ. ಸಾಹೇಬರು ದನಿ ಏರಿಸಲಿಲ್ಲ. ಗೂಡು ಹಿಚುಕಿದ ಮನುಷ್ಯನೇ ಗೂಡು ತೋರಿಸಿದರೆ ಮಕ್ಕಳಿಗೆ ಏನು ಹೇಳುವುದು ಚಾಚಾ ಎಂದರು. ಅಕ್ಕೋರಿಗೆ ಬೇಸರವಾಗಿತ್ತು. ದುರ್ಬೀನು ನನ್ನ ಕೊರಳಿಗೆ ಬಂತು. ಉಳಿದವನು ನಾನೊಬ್ಬನೇ ಆದ್ದರಿಂದ ಬಂತು.

ಅವರು ಹೋದ ಮೇಲೆ ನಾನು ಅವನನ್ನು ಪಂಪಿನ ಮನೆಯ ಹಿಂದೆ ನಿಲ್ಲಿಸಿದೆ. ಕೃತಜ್ಞತೆ ಹೇಳಲಿಕ್ಕಲ್ಲ, ಜಗಳಕ್ಕೆ.

"ಯಾಕ ಹಂಗ ಹೇಳಿದಿ ಚಾಚಾ? ನಾ ಬೇಡಿದ್ನೇನು ನಿನ್ನ?"

"ಬೇಡಿದ್ದಿಲ್ಲ. ಗೇಟ ಹೊರಗ ಹೋಗ್ತಿದ್ದಿ, ಕಾಗದ ಬರದು ಕೊಟ್ಟೀಯಲ್ಲ. ನನಗೇನಪ್ಪ, ಕಣ್ಣಾಗ ಪೊರಿ ಬರಾಕತ್ತದ, ಇನ್ನೊಂದು ವರ್ಷ ನೋಡೇನು. ಅಕ್ಕೋರಿಗೆ ಮಾತ್ರ ಒಂದಿನ ನೀನೇ ಹೇಳು. ಯಾವಾಗರೆ ಹೇಳು. ಆ ಹುಡುಗಿ ಸರದು ನಿಂತಳಲ್ಲ, ಅದೊಂದು ಮನಸಿಗೆ ಹತ್ಯದ."

ಹೇಳುತ್ತೇನೆ ಎಂದೆ.

ಅಂದಿನಿಂದ ಪ್ರತಿ ಭಾನುವಾರ ಹಕ್ಕಿ ತೋರಿಸುವವನು ನಾನು. ಮಕ್ಕಳನ್ನು ಬಿಸಿಲಿಗೆ ಎದುರು ನಿಲ್ಲಿಸುತ್ತೇನೆ. ಬೆರಳು ಬಾಗಿಸಿ ಸೂರಕ್ಕಿ ಎನ್ನುತ್ತೇನೆ, ಮಡಚಿ ಬದನಿಕೆ ಹಕ್ಕಿ ಎನ್ನುತ್ತೇನೆ. ಸಿಂಪಿಗಕ್ಕೆ ಹನ್ನೆರಡು ಗಂಟೆಯ ಮುಳ್ಳು. ನನ್ನ ಬಾಯಿಂದ ಬರುವುದು ಒಂದೂ ನನ್ನದಲ್ಲ. ಅವನು ಮಾತ್ರ ದೂರದಲ್ಲಿ ಕೂತು ಕಸಿ ಕಟ್ಟುತ್ತಾ ಇರುತ್ತಿದ್ದ, ಏನನ್ನೂ ಕಳೆದುಕೊಂಡವನಂತೆ ಕಾಣುತ್ತಿರಲಿಲ್ಲ. ದುರ್ಬೀನು ನನ್ನ ಕೊರಳಲ್ಲಿದ್ದರೂ ನಾನು ಅವನನ್ನು ನೋಡಿ ಉರಿಯುತ್ತಿದ್ದೆ. ಗೆದ್ದ ಮೇಲೂ ಹೊಟ್ಟೆಕಿಚ್ಚು ಹೋಗದಿದ್ದರೆ ಏನು ಮಾಡಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.

ಮರು ವರ್ಷ ಪೊರೆ ದಟ್ಟವಾಯಿತು. ಆಪರೇಷನ್ ಆದರೂ ಒಂದು ಕಣ್ಣು ಉಳಿಯಲಿಲ್ಲ. ರಂಗಂಪೇಟೆಗೆ ಹಿಂದಿರುಗಿದ. ಒಮ್ಮೆ ನೋಡಲು ಹೋದೆ. ಜೈತುನಬಿ ಚಹಾ ಕೊಟ್ಟಳು. ಅವರ ಅಂಗಳದ ಗಸಗಸೆ ಹಣ್ಣಿನ ಗಿಡದಲ್ಲಿ ಏನೋ ಟಿಕ್ ಟಿಕ್ ಎನ್ನುತ್ತಿತ್ತು.

"ಹೆಂಗ ಕುಂತದ ಹೇಳು," ಎಂದ.

ಮುದುಡಿ ಕೂತಿದೆ, ಬಾಲ ಮೋಟು, ಕೊಕ್ಕು ಮೋಟು ಎಂದೆ. ಬದನಿಕೆ ಹಕ್ಕಿ ಈ ಹಣ್ಣಿಗೂ ಬರ್ತದ ನೋಡು ಎಂದು ಖುಷಿಪಟ್ಟ. ಅಕ್ಕೋರು ಹೇಗಿದ್ದಾರೆ ಎಂದು ಕೇಳಿದ. ಅಷ್ಟೇ ಕೇಳಿದ, ಹೇಳಿದೆಯಾ ಎಂದು ಕೇಳಲಿಲ್ಲ. ಚೆನ್ನಾಗಿದ್ದಾರೆ ಎಂದು ಹೇಳಿ ಬಸ್ಸು ಹಿಡಿದೆ. ಮುಂದಿನ ಭಾನುವಾರ ಹೇಳಿದರಾಯಿತು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಅಂಥ ಭಾನುವಾರಗಳು ನೂರು ಕಳೆದವು.

ಕಳೆದ ಚಳಿಗಾಲ ಅವನು ತೀರಿಕೊಂಡ. ಮಣ್ಣಿಗೆ ನಾನೂ ಹೋಗಿದ್ದೆ. ಮಲ್ಲೇಶ್ವರಿ ಅಕ್ಕೋರು ಮನೆಗೆ ಬಂದು ಜೈತುನಬಿಯ ಪಕ್ಕ ಕೂತಿದ್ದರು. ಹಿಂದಿರುಗುವಾಗ ರಸ್ತೆಯವರೆಗೆ ನನ್ನ ಜೊತೆ ನಡೆದರು. ಅಷ್ಟು ದೊಡ್ಡ ಕಣ್ಣಿನ ಮನುಷ್ಯ, ಆ ಒಂದು ಗೂಡು ಮಾತ್ರ ಅವರ ಕೈಯಲ್ಲಿ ಹಾಗೆ ಆಗಬಾರದಿತ್ತು, ನನಗೆ ಅದನ್ನು ಮರೆಯಲಿಕ್ಕೆ ಆಗಿಲ್ಲ ಚನ್ನಯ್ಯ ಎಂದರು. ಹೇಳಿ ನನ್ನ ಮುಖ ನೋಡಿದರು.

ಹೇಳಲೆಂದು ಬಾಯಿ ತೆರೆದೆ. ಬೇಲಿಯ ಬಾರಿಹಣ್ಣಿನ ಗಿಡದಲ್ಲಿ ಒಂದು ಸಣ್ಣ ಹಕ್ಕಿ ಕುಪ್ಪಳಿಸಿತು. ಅಕ್ಕೋರಿಗೆ ಕಣ್ಣು ಒದ್ದೆಯಾಗಿದ್ದರಿಂದ ಸರಿಯಾಗಿ ಕಾಣಲಿಲ್ಲ, ಯಾವುದದು ಎಂದು ಕೇಳಿದರು. ಕೊಕ್ಕು ನೆಟ್ಟಗಿತ್ತು. ಬಾಲ ಎತ್ತಿತ್ತು.

"ಸಿಂಪಿಗ ರೀ," ಎಂದೆ.

ಬಸ್ಸು ಬಂತು. ಅವರು ಯಾದಗಿರಿಗೆ ಹೋದರು.